ಮೆ, ತೆ, ಸೆ, ನೋಸ್: ದಿನಚರಿಯ ಸ್ಪ್ಯಾನಿಷ್ ವಾಕ್ಯಗಳಲ್ಲಿ ಯಾವುದು ಯಾರಿಗೆ?

ಪ್ರಶ್ನೆ: ಬೆಂಗಳೂರು, ಸಂಜೆ ತರಗತಿಯ ವಿದ್ಯಾರ್ಥಿನಿ

ಸ್ಪ್ಯಾನಿಷ್ ಕಲಿಯಲು ತೊಡಗಿ ನಾಲ್ಕು ತಿಂಗಳಾಯಿತು. ನಮ್ಮ ಮನೆಯ ಬೆಳಗಿನ ದಿನಚರಿಯನ್ನು 10 ವಾಕ್ಯಗಳಲ್ಲಿ ಬರೆದೆ, 7 ವಾಕ್ಯಗಳಿಗೆ ಕೆಂಪು ಗೆರೆ ಬಿತ್ತು. ‘ಯೊ ಸೆ ಲೆವಾಂತೊ’, ‘ಮಿ ಎರ್ಮಾನಾ ಇ ಯೊ ಸೆ ದುಚಾಮೊಸ್’, ‘ಮಿ ಅಬ್ವೆಲಾ ಸೆ ಅಕ್ವೆಸ್ತಾನ್’, ‘ಮಿ ಮಾದ್ರೆ ಸೆ ದೆಸ್ಪ್ಯೆರ್ತಾ ಆ ಮಿ’, ಹೀಗೆ. ನಾನು ಎಂಬುದಕ್ಕೆ ಮೆ, ನೀನು ಎಂಬುದಕ್ಕೆ ತೆ, ನಾವು ಎಂಬುದಕ್ಕೆ ನೋಸ್, ಅವನು, ಅವಳು, ಅವರು ಎಂಬವುಗಳಿಗೆ ಸೆ ಎಂಬ ಸರ್ವನಾಮಗಳ ಪಟ್ಟಿ ಬಾಯಿಪಾಠವಾಗಿದೆ, ಬರೆಯಲು ಕುಳಿತಾಗ ಮಾತ್ರ ಕೈ ತಪ್ಪುತ್ತದೆ. ಇದನ್ನು ನೀವು ಹೇಗೆ ರೂಢಿಸಿಕೊಂಡಿರಿ, ದಯವಿಟ್ಟು ತಿಳಿಸಿ.

ಹುಬ್ಬಳ್ಳಿ, ಒಂದು ವರ್ಷದಿಂದ ಸ್ವಂತವಾಗಿ ಕಲಿಯುತ್ತಿರುವವರು

ನನಗೆ ನೆರವಾದದ್ದು ನಮ್ಮ ‘ಕೊಳ್ಳು’. ಪಾತ್ರೆಯನ್ನು ತೊಳೆಯುತ್ತೇವೆ, ಮುಖವನ್ನು ತೊಳೆದುಕೊಳ್ಳುತ್ತೇವೆ. ಮಗುವಿನ ತಲೆಯನ್ನು ಬಾಚುತ್ತೇವೆ, ನಮ್ಮ ತಲೆಯನ್ನು ಬಾಚಿಕೊಳ್ಳುತ್ತೇವೆ. ಸ್ಪ್ಯಾನಿಷಿನಲ್ಲಿ ಲಾವಾರ್ ಎಂದರೆ ತೊಳೆ, ಲಾವಾರ್ಸೆ ಎಂದರೆ ತೊಳೆದುಕೊ. ಪೇಯ್ನಾರ್ ಎಂದರೆ ಬಾಚು, ಪೇಯ್ನಾರ್ಸೆ ಎಂದರೆ ಬಾಚಿಕೊ. ಆದ್ದರಿಂದ ಕನ್ನಡದಲ್ಲಿ ‘ಕೊಳ್ಳು’ ಬಂದ ಕಡೆಯಲ್ಲೆಲ್ಲ ಈ ಸರ್ವನಾಮವನ್ನು ಹಾಕಿ, ಬಾರದ ಕಡೆ ಬಿಟ್ಟುಬಿಡಿ. ಇದಕ್ಕಿಂತ ಹೆಚ್ಚಿನ ವ್ಯಾಕರಣ ಬೇಕಾಗುವುದಿಲ್ಲ.

ಮೈಸೂರು, 12 ವರ್ಷಗಳಿಂದ ಸ್ಪ್ಯಾನಿಷ್ ಕಲಿಸುತ್ತಿರುವವರು

ಹುಬ್ಬಳ್ಳಿಯವರ ಮಾತು ತೊಳೆಯುವ, ಬಾಚುವ, ತೊಡುವ ಕ್ರಿಯಾಪದಗಳ ಮಟ್ಟಿಗೆ ಸರಿಯಾಗಿದೆ, ನಾನೂ ತರಗತಿಯನ್ನು ಅಲ್ಲಿಂದಲೇ ಆರಂಭಿಸುತ್ತೇನೆ. ಆದರೆ ಅದನ್ನೇ ನಿಯಮವಾಗಿಸಿಕೊಂಡರೆ ಎರಡು ಕಡೆ ಎಡವುತ್ತೀರಿ. ‘ನಾನು ತಂಗಿಯನ್ನು ನೋಡಿಕೊಳ್ಳುತ್ತೇನೆ’ ಎನ್ನುವಲ್ಲಿ ‘ಕೊಳ್ಳು’ ಇದ್ದರೂ ಸ್ಪ್ಯಾನಿಷಿನಲ್ಲಿ ‘ಕ್ವಿದೊ ಆ ಮಿ ಎರ್ಮಾನಾ’ ಎಂದಷ್ಟೇ ಬರುತ್ತದೆ. ‘ಮೆ ಕ್ವಿದೊ’ ಎಂದುಬಿಟ್ಟರೆ ನನ್ನ ಆರೋಗ್ಯವನ್ನು ನಾನೇ ನೋಡಿಕೊಳ್ಳುತ್ತೇನೆ ಎಂದಾಗುತ್ತದೆ. ಇನ್ನೊಂದು ಕಡೆ, ದಿನಚರಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬರುವ ಏಳು, ಮಲಗು, ಕೂರು ಎಂಬವುಗಳನ್ನು ನಾವು ‘ಕೊಳ್ಳು’ ಇಲ್ಲದೆಯೇ ಹೇಳಬಹುದು, ಸ್ಪ್ಯಾನಿಷಿಗೆ ಮಾತ್ರ ಸರ್ವನಾಮ ಬೇಕೇ ಬೇಕು.

ಅದಕ್ಕೆ ಕಾರಣವನ್ನು ಕನ್ನಡದಲ್ಲಿಯೇ ನೋಡಬಹುದು. ನಮಗೆ ‘ಏಳು’ ಮೂಲ, ಅದರಿಂದ ‘ಎಬ್ಬಿಸು’ ಹುಟ್ಟುತ್ತದೆ. ‘ಮಲಗು’ ಮೂಲ, ಅದರಿಂದ ‘ಮಲಗಿಸು’ ಹುಟ್ಟುತ್ತದೆ. ಸ್ಪ್ಯಾನಿಷಿನಲ್ಲಿ ಹಾದಿ ತಿರುವುಮುರುವಾಗಿದೆ. ಲೆವಾಂತಾರ್ ಎಂದರೆ ಮೊದಲಿಗೇ ‘ಎಬ್ಬಿಸು, ಎತ್ತು’ ಎಂದರ್ಥ, ಅಕೊಸ್ತಾರ್ ಎಂದರೆ ‘ಮಲಗಿಸು’, ಸೆಂತಾರ್ ಎಂದರೆ ‘ಕೂರಿಸು’, ಬಾನ್ಯಾರ್ ಎಂದರೆ ‘ಸ್ನಾನ ಮಾಡಿಸು’. ನಾನು ಏಳುತ್ತೇನೆ ಎನ್ನಲು ಸ್ಪ್ಯಾನಿಷಿನವರು ‘ನನ್ನನ್ನು ನಾನು ಎಬ್ಬಿಸುತ್ತೇನೆ’ ಎಂಬ ರೀತಿಯಲ್ಲಿ ಮೆ ಲೆವಾಂತೊ ಎನ್ನುತ್ತಾರೆ. ಸರ್ವನಾಮವನ್ನು ಬಿಟ್ಟು ‘ಲೆವಾಂತೊ ಆ ಲಾಸ್ ಸೇಯ್ಸ್’ ಎಂದರೆ ಕೇಳುವವರು ಆರು ಗಂಟೆಗೆ ಯಾರನ್ನು ಅಥವಾ ಏನನ್ನು ಎತ್ತುತ್ತೀರಿ ಎಂದು ಕಾಯುತ್ತಾರೆ. ಹಾಗೆಂದು ‘ಇಸು’ ಸೇರುವ ಎಲ್ಲ ಧಾತುಗಳೂ ಹೀಗಲ್ಲ: ಓಡು, ಓಡಿಸು ಎಂಬ ಜೋಡಿ ನಮ್ಮಲ್ಲಿದೆ, ಆದರೆ ಓಡು ಎಂಬುದಕ್ಕೆ ಕೊರ್ರೆರ್ ಸಾಕು. ಆದ್ದರಿಂದ ಹೊಸ ಕ್ರಿಯಾಪದವನ್ನು ನಿಘಂಟಿನಿಂದ ಬರೆದುಕೊಳ್ಳುವಾಗ ಬಾಲದ ‘ಸೆ’ ಸಹಿತವಾಗಿಯೇ ಬರೆದುಕೊಳ್ಳಿ.

ನಿಮ್ಮ ಮೊದಲ ತಪ್ಪು ಆ ಬಾಲದಿಂದಲೇ ಬಂದದ್ದು. ನಿಘಂಟಿನಲ್ಲಿ ಲೆವಾಂತಾರ್ಸೆ ಎಂದು ಕಂಡದ್ದರಿಂದ ‘ಸೆ’ ಕ್ರಿಯಾಪದಕ್ಕೇ ಅಂಟಿದ ತುಂಡೆಂದು ಕೈ ತಿಳಿದುಕೊಳ್ಳುತ್ತದೆ. ನಮ್ಮ ‘ಕೊಳ್ಳು’ ಯಾರಿಗೂ ಬದಲಾಗುವುದಿಲ್ಲ, ಅದರ ಕೊನೆ ಮಾತ್ರ ಬದಲಾಗುತ್ತದೆ; ಇಲ್ಲಿಯಾದರೋ ಕೊನೆಯೂ ಬದಲಾಗಬೇಕು, ಸರ್ವನಾಮವೂ ಬದಲಾಗಬೇಕು. ನಾನು ವಿದ್ಯಾರ್ಥಿಗಳಿಗೆ ಪಟ್ಟಿಯನ್ನು ಒಪ್ಪಿಸಲು ಹೇಳುವುದಿಲ್ಲ. ವಾಕ್ಯವನ್ನು ಬರೆದಾದ ಮೇಲೆ ಕ್ರಿಯಾಪದದ ಕೊನೆಯ ಅಕ್ಷರವನ್ನು ನೋಡಲು ಹೇಳುತ್ತೇನೆ. ವರ್ತಮಾನ ಕಾಲದಲ್ಲಿ ಕೊನೆ ‘ಒ’ ಆಗಿದ್ದರೆ ಹಿಂದೆ ‘ಮೆ’ ಇರಬೇಕು, ‘ಮೊಸ್’ ಆಗಿದ್ದರೆ ‘ನೋಸ್’ ಇರಬೇಕು, ‘ಆಸ್’ ಅಥವಾ ‘ಎಸ್’ ಆಗಿದ್ದರೆ ‘ತೆ’ ಇರಬೇಕು; ‘ಆ’, ‘ಎ’, ‘ನ್’ ಇವುಗಳಿಗೆಲ್ಲ ‘ಸೆ’. ಈ ಕಣ್ಣಳತೆ ಭೂತಕಾಲಕ್ಕೆ ನಡೆಯದು, ಏಕೆಂದರೆ ‘ತೆ ಲೆವಾಂತಾಸ್ತೆ’ ಎಂಬಲ್ಲಿ ಕೊನೆಗೆ ‘ಸ್’ ಇರುವುದಿಲ್ಲ.

ಈಗ ನಿಮ್ಮ ವಾಕ್ಯಗಳನ್ನೇ ನೋಡೋಣ. ‘ಮಿ ಎರ್ಮಾನಾ ಇ ಯೊ’ ಎಂದರೆ ತಂಗಿ ಮತ್ತು ನಾನು, ಅಂದರೆ ನಾವು. ‘ಸ್ನಾನ ಮಾಡುತ್ತೇವೆ’ ಎಂಬ ಕ್ರಿಯಾಪದವನ್ನು ನೀವು ದುಚಾಮೊಸ್ ಎಂದು ಸರಿಯಾಗಿಯೇ ಬರೆದಿದ್ದೀರಿ, ಕೊನೆಯ ‘ಮೊಸ್’ ತಾನೇ ‘ನೋಸ್’ ಅನ್ನು ಕೇಳುತ್ತಿದೆ: ನೋಸ್ ದುಚಾಮೊಸ್. ಅಜ್ಜಿಯ ವಾಕ್ಯದಲ್ಲಿ ಸರ್ವನಾಮ ಸರಿ, ಕ್ರಿಯಾಪದ ತಪ್ಪು. ಅಜ್ಜಿ ಮಲಗುತ್ತಾರೆ ಎಂಬ ನಮ್ಮ ಗೌರವದ ಬಹುವಚನ ಅಲ್ಲಿ ಹೋಗಿ ಕುಳಿತಿದೆ. ಸ್ಪ್ಯಾನಿಷಿನಲ್ಲಿ ಅಜ್ಜಿ ಒಬ್ಬರೇ, ಆದ್ದರಿಂದ ಸೆ ಅಕ್ವೆಸ್ತಾ. ಏಕವಚನ, ಬಹುವಚನ ಎರಡಕ್ಕೂ ‘ಸೆ’ ಒಂದೇ ಆಗಿರುವುದರಿಂದ ಈ ತಪ್ಪು ನಿಮ್ಮ ಕಣ್ಣಿಗೆ ಬೀಳಲಿಲ್ಲ. ಕನ್ನಡಿಗ ವಿದ್ಯಾರ್ಥಿಗಳ ಬರಹದಲ್ಲಿ ನಾನು ಇದನ್ನು ಪ್ರತಿ ವರ್ಷವೂ ಕಾಣುತ್ತೇನೆ.

ಅಮ್ಮನ ವಾಕ್ಯ ಇವೆಲ್ಲಕ್ಕಿಂತ ಮುಖ್ಯ. ಅಮ್ಮ ನನ್ನನ್ನು ಎಬ್ಬಿಸುತ್ತಾರೆ ಎಂಬುದು ‘ಮಿ ಮಾದ್ರೆ ಮೆ ದೆಸ್ಪ್ಯೆರ್ತಾ’. ಇಲ್ಲಿ ಸರ್ವನಾಮ ‘ಮೆ’, ಕ್ರಿಯಾಪದದ ಕೊನೆ ‘ಆ’. ಎರಡೂ ಹೊಂದುವುದಿಲ್ಲ, ಹೊಂದಬಾರದು. ಹೊಂದಿದರೆ ಕೆಲಸ ಮಾಡುವವರ ಮೇಲೆಯೇ ಕೆಲಸ ಮರಳುತ್ತದೆ, ಹೊಂದದಿದ್ದರೆ ಒಬ್ಬರು ಮಾಡಿದ್ದು ಇನ್ನೊಬ್ಬರ ಮೇಲೆ ಬೀಳುತ್ತದೆ. ‘ಮೆ ಲಾವೊ ಲಾಸ್ ಮಾನೊಸ್’ ಎಂದರೆ ನಾನು ಕೈ ತೊಳೆದುಕೊಳ್ಳುತ್ತೇನೆ. ‘ಮೆ ಲಾವಾಸ್ ಲಾಸ್ ಮಾನೊಸ್’ ಎಂದರೆ ನೀನು ನನ್ನ ಕೈ ತೊಳೆಯುತ್ತೀಯೆ. ಕ್ರಿಯಾಪದದ ಕೊನೆ ಬದಲಾದದ್ದರಿಂದ ತೊಳೆಯುವವರೇ ಬದಲಾಗಿಬಿಟ್ಟರು. ಅಂದಹಾಗೆ, ‘ಮಿಸ್ ಮಾನೊಸ್’ ಎಂದು ಬರೆಯಬೇಡಿ. ಕನ್ನಡದಲ್ಲಿಯೂ ನಾವು ‘ಕೈ ತೊಳೆದುಕೊಂಡೆ’ ಎನ್ನುತ್ತೇವೆ, ‘ನನ್ನ ಕೈ’ ಎನ್ನುವುದಿಲ್ಲ. ಈ ಒಂದು ವಿಷಯದಲ್ಲಿ ಕನ್ನಡದ ರೂಢಿಯನ್ನು ಪೂರ್ಣವಾಗಿ ನಂಬಬಹುದು.

ಮೆಕ್ಸಿಕೊದ ಮೊಂತೆರ್ರೇಯ್‌ನಲ್ಲಿ ಉದ್ಯೋಗದಲ್ಲಿರುವ ಎಂಜಿನಿಯರ್

‘ಸೆ’ ಬಗ್ಗೆ ನನ್ನ ಅನುಭವವನ್ನೂ ಹೇಳುತ್ತೇನೆ. ಇಲ್ಲಿ ಮನೆ ಹುಡುಕುವಾಗ ಗೇಟುಗಳ ಮೇಲೆಲ್ಲ ‘ಸೆ ರೆಂತಾ’ ಎಂಬ ಫಲಕ ಕಾಣುತ್ತಿತ್ತು. ಮನೆ ತನ್ನನ್ನು ತಾನೇ ಬಾಡಿಗೆಗೆ ಕೊಟ್ಟುಕೊಳ್ಳುತ್ತದೆಯೇ ಎಂದು ಬಹಳ ದಿನ ಗೊಂದಲದಲ್ಲಿದ್ದೆ. ‘ಬಾಡಿಗೆಗೆ ಇದೆ’ ಎಂದಷ್ಟೇ ಅದರ ಅರ್ಥ. ಅಲ್ಲಿ ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಆದ್ದರಿಂದ ‘ಸೆ’ ಕಂಡಲ್ಲೆಲ್ಲ ಕರ್ತೃವನ್ನು ಹುಡುಕಬೇಡಿ ಎಂಬುದು ನನ್ನ ಸಲಹೆ.

ಮೈಸೂರಿನವರು

ಫಲಕದ ‘ಸೆ’ ಬೇರೆಯದು, ಇಲ್ಲಿ ಕೇಳಿದ್ದು ದಿನಚರಿಯ ‘ಸೆ’. ಆದರೂ ನಿಮ್ಮ ಮಾತು ಒಂದು ಒಳ್ಳೆಯ ಎಡೆಗೆ ತಂದಿತು. ‘ಇಲ್ಲಿ ಚೆನ್ನಾಗಿ ನಿದ್ದೆ ಬರುತ್ತದೆ’ ಎಂದು ಯಾರನ್ನೂ ಹೆಸರಿಸದೆ ಹೇಳಲು ‘ಅಕಿ ಸೆ ದ್ವೆರ್ಮೆ ಬ್ಯೆನ್’ ಎನ್ನುತ್ತಾರೆ. ಅದೇ ರೀತಿ ‘ಹಳ್ಳಿಯಲ್ಲಿ ಬೇಗ ಏಳುತ್ತಾರೆ’ ಎನ್ನಲು ಹೊರಟರೆ ಏಳು ಎಂಬುದರಲ್ಲಿ ಆಗಲೇ ಒಂದು ‘ಸೆ’ ಇದೆ, ಎರಡು ‘ಸೆ’ ಒಟ್ಟಿಗೆ ನಿಲ್ಲಲಾರವು. ಅಲ್ಲಿ ‘ಉನೊ ಸೆ ಲೆವಾಂತಾ ತೆಂಪ್ರಾನೊ’ ಎಂದೋ ‘ಲಾ ಹೆಂತೆ ಸೆ ಲೆವಾಂತಾ’ ಎಂದೋ ‘ಒಬ್ಬರು’ ಅಥವಾ ‘ಜನ’ ಎಂಬ ಕರ್ತೃವನ್ನು ತಂದು ಕೂರಿಸಲೇಬೇಕು.

ಸ್ಪೇನಿನ ವಾಲೆನ್ಸಿಯಾದಲ್ಲಿ ನೆಲೆಸಿರುವ ಗೃಹಿಣಿ

ನನ್ನ ತೊಡಕೆಲ್ಲ ‘ನೀವು’ ಎಂಬಲ್ಲಿಯೇ ಇತ್ತು. ನಮ್ಮ ಕಟ್ಟಡದ ಕೆಳಮನೆಯ ಅಜ್ಜಿಯೊಬ್ಬರನ್ನು ಮೆಟ್ಟಿಲ ಬಳಿ ಮಾತನಾಡಿಸುತ್ತಾ, ತಾವು ಎಷ್ಟು ಗಂಟೆಗೆ ಏಳುತ್ತೀರಿ ಎಂದು ಗೌರವದಿಂದ ಕೇಳಲು ಹೋಗಿ ‘ಆ ಕೆ ಓರಾ ತೆ ಲೆವಾಂತಾ ಉಸ್ತೆದ್’ ಎಂದುಬಿಟ್ಟೆ. ಅವರು ಕೈಚೀಲವನ್ನು ಕೆಳಗಿಟ್ಟು, ನನ್ನ ತೋಳು ಹಿಡಿದು, ‘ಸೆ, ಈಹಾ, ಸೆ ಲೆವಾಂತಾ’ ಎಂದು ಎರಡು ಬಾರಿ ನಿಧಾನವಾಗಿ ಹೇಳಿಕೊಟ್ಟರು. ‘ಈಹಾ’ ಎಂದರೆ ನಾವು ‘ಮಗಳೇ’ ಎನ್ನುವ ಹಾಗೆ. ಎದುರಿಗಿರುವವರಿಗೆ ಹೇಳುತ್ತಿದ್ದರೂ ಉಸ್ತೆದ್ ಎಂಬುದು ವ್ಯಾಕರಣದಲ್ಲಿ ಅವನು, ಅವಳು ಎಂಬವುಗಳ ಸಾಲಿನಲ್ಲಿಯೇ ನಡೆಯುತ್ತದೆ ಎಂಬುದು ನನಗೆ ಅಂದು ಮನದಟ್ಟಾಯಿತು.

ನಮ್ಮ ‘ನೀವು’ ಗೌರವಕ್ಕೂ ಆಗುತ್ತದೆ, ಹಲವರಿಗೂ ಆಗುತ್ತದೆ. ಇಲ್ಲಿ ಅದನ್ನು ಬಿಡಿಸಿ ನೋಡಬೇಕು. ನನ್ನ ಇಬ್ಬರು ಮಕ್ಕಳಿಗೆ ನಾನು ‘ವೊಸೋತ್ರೊಸ್ ಓಸ್ ಲೆವಾಂತಾಯ್ಸ್’ ಎನ್ನುತ್ತೇನೆ. ಲ್ಯಾಟಿನ್ ಅಮೆರಿಕದಲ್ಲಿ ಈ ‘ಓಸ್’ ಬಳಕೆಯಲ್ಲಿಲ್ಲ, ಅಲ್ಲಿ ಮಕ್ಕಳಿಗೂ ‘ಉಸ್ತೆದೆಸ್ ಸೆ ಲೆವಾಂತಾನ್’. ನೀವು ಯಾವ ಪ್ರದೇಶದ ಸ್ಪ್ಯಾನಿಷ್ ಕಲಿಯುತ್ತಿದ್ದೀರಿ ಎಂದು ಮೊದಲು ಗುರುಗಳನ್ನು ಕೇಳಿಕೊಳ್ಳಿ. ಊಟಕ್ಕೆ ಮುನ್ನ ಕೈ ತೊಳೆದುಕೊಳ್ಳಿ ಎನ್ನಲು ಪುಸ್ತಕದಲ್ಲಿ ‘ಲಾವಾಓಸ್’ ಎಂದಿದೆ, ಆದರೆ ಶಾಲೆಯ ಬಾಗಿಲಲ್ಲಿ ತಾಯಂದಿರು ‘ಲಾವಾರೊಸ್’ ಎನ್ನುವುದನ್ನು ದಿನವೂ ಕೇಳುತ್ತೇನೆ. ಮಾತಿನಲ್ಲಿ ಅದು ನಡೆಯುತ್ತದೆ, ಪರೀಕ್ಷೆಯಲ್ಲಿ ಬರೆಯಬೇಡಿ.

ಬೆಂಗಳೂರಿನ ವಿದ್ಯಾರ್ಥಿನಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಕೊನೆಯ ಅಕ್ಷರವನ್ನು ನೋಡುತ್ತಾ ಹತ್ತೂ ವಾಕ್ಯಗಳನ್ನು ಮತ್ತೆ ಬರೆದೆ. ಈಗ ಸ್ನಾನದ ನಂತರ ತಿಂಡಿ ತಿನ್ನುತ್ತೇನೆ ಎಂಬ ಒಂದೇ ಒಂದು ಉಳಿದಿದೆ: ‘ದೆಸ್ಪ್ವೆಸ್ ದೆ ದುಚಾರ್ಸೆ, ದೆಸಾಯುನೊ’. ದುಚಾರ್ಸೆ ಎಂಬುದಕ್ಕೆ ಪುರುಷದ ಕೊನೆಯೇ ಇಲ್ಲವಲ್ಲ, ಅದನ್ನು ಹೇಗೆ ನೋಡುವುದು? ತಿಂಡಿ ತಿನ್ನುವುದಕ್ಕೂ ಸರ್ವನಾಮ ಬೇಕೇ?

ಮೈಸೂರಿನವರು

ಅಂಥ ಕಡೆ ವಾಕ್ಯದ ಇನ್ನೊಂದು ಕ್ರಿಯಾಪದವನ್ನು ನೋಡಿ. ತಿಂಡಿ ತಿನ್ನುವವರು ನೀವು, ಸ್ನಾನ ಮಾಡಿದವರೂ ನೀವೇ, ಆದ್ದರಿಂದ ‘ದೆಸ್ಪ್ವೆಸ್ ದೆ ದುಚಾರ್ಮೆ, ದೆಸಾಯುನೊ’. ತಂಗಿಯೂ ಸೇರಿದರೆ ‘ದೆಸ್ಪ್ವೆಸ್ ದೆ ದುಚಾರ್ನೊಸ್, ದೆಸಾಯುನಾಮೊಸ್’. ಮುಂದೆ ಮಾಡಲಿರುವುದಕ್ಕೂ ಹೀಗೆಯೇ: ‘ವೋಯ್ ಆ ದುಚಾರ್ಮೆ’ ಎನ್ನಿ, ಅಥವಾ ಸರ್ವನಾಮವನ್ನು ಮುಂದಕ್ಕೆ ತಂದು ‘ಮೆ ವೋಯ್ ಆ ದುಚಾರ್’ ಎನ್ನಿ, ಎರಡೂ ಸರಿ. ದೆಸಾಯುನಾರ್ ಎಂಬುದಕ್ಕೆ ಸರ್ವನಾಮ ಬೇಡ.

ಮೊಂತೆರ್ರೇಯ್‌ನವರು

ಇಲ್ಲಿ ‘ಮೆ ದೆಸಾಯುನೆ’ ಎಂದು ಸಹೋದ್ಯೋಗಿಗಳು ಹೇಳುವುದನ್ನು ನಾನು ಕೇಳಿದ್ದೇನೆ.

ಮೈಸೂರಿನವರು

ಅಮೆರಿಕ ಖಂಡದ ಕೆಲವು ಕಡೆ ಹಾಗೆ ಹೇಳುವುದುಂಟು, ಅದನ್ನು ತಪ್ಪೆನ್ನಲಾರೆ. ಆರಂಭದ ಹಂತದ ಬರಹದಲ್ಲಿ ಮಾತ್ರ ಸರ್ವನಾಮವಿಲ್ಲದೆ ಬರೆಯುವುದನ್ನೇ ನಾನು ಹೇಳಿಕೊಡುತ್ತೇನೆ.

ಹುಬ್ಬಳ್ಳಿಯವರು

‘ಕೊಳ್ಳು’ ಇಷ್ಟು ದೂರ ಮಾತ್ರ ಬರುತ್ತದೆ ಎಂದು ತಿಳಿದುಕೊಂಡೆ. ನನಗೊಂದು ಸಂದೇಹ ಉಳಿಯಿತು. ‘ಮನೆಯವರೆಲ್ಲರೂ ಬೇಗ ಏಳುತ್ತೇವೆ’ ಎನ್ನಲು ‘ತೋದೊಸ್ ನೋಸ್ ಲೆವಾಂತಾಮೊಸ್’ ಎಂದು ಬರೆದಿದ್ದೆ. ತಿದ್ದಿದವರು ‘ತೋದೊಸ್ ಸೆ ಲೆವಾಂತಾನ್’ ಎಂದು ಮಾಡಿದರು. ಎಲ್ಲರಲ್ಲಿ ನಾನೂ ಸೇರಿದ್ದೇನೆ ಎಂದಾದರೆ ನನ್ನದೇ ಸರಿಯಲ್ಲವೇ?

ವಾಲೆನ್ಸಿಯಾದವರು

ನೀವು ಸೇರಿದ್ದರೆ ನಿಮ್ಮದೇ ಸರಿ. ಸೇರದಿದ್ದರೆ ಅವರದು ಸರಿ. ಆ ವಾಕ್ಯದ ಹಿಂದುಮುಂದಿನ ಸಾಲುಗಳಲ್ಲಿ ಏನಿತ್ತು ಎಂಬುದನ್ನು ಇಲ್ಲಿ ಬರೆಯಿರಿ, ನೋಡಿ ಹೇಳೋಣ.