ರಾತ್ರಿ 2 ಗಂಟೆಗೆ ಟ್ಯಾಂಕರ್, F27ರಲ್ಲಿ ಯಾರೂ ನೋಡದ ನೋಟ್

ಶೈಲಜಾ, ಮನೆ 14 (ಬೆಳಿಗ್ಗೆ 6:10)
ನಿನ್ನೆ ರಾತ್ರಿ 2 ಗಂಟೆಗೆ ಮತ್ತೆ ಅದೇ ಟ್ಯಾಂಕರ್. ಸಂಪು ತುಂಬಿದ ಮೇಲೂ ಪೈಪ್ ತೆಗೆಯಲಿಲ್ಲ, ನೀರೆಲ್ಲ ಸೆಲ್ಲಾರ್‌ಗೆ, ನನ್ನ ಸ್ಕೂಟರ್ ಕಾಲುವೆಯಲ್ಲಿ ನಿಂತ ಹಾಗೆ ನಿಂತಿದೆ. ಬಿಲ್ ತಾಳೆ ನೋಡಿ ಅಂತ ನಮ್ಮ ಗೂಗಲ್ ಶೀಟ್‌ನಲ್ಲಿ ಬರೆದು ಮೂರು ವಾರ ಆಯ್ತು. F27ರಲ್ಲಿ ರಮೇಶ್ ಸರ್ ಹೆಸರು ಹಾಕಿಯೇ ಬರೆದಿದ್ದೇನೆ. ಒಬ್ಬರಾದರೂ ನೋಡಿದಿರಾ?

ರಮೇಶ್, ಮನೆ 9
ಮೇಡಂ, ನನಗೆ ಒಂದು ಮೇಲ್ ಕೂಡ ಬಂದಿಲ್ಲ. ಸ್ಪ್ಯಾಮ್ ಕೂಡ ನೋಡಿದೆ.

ಶಿವಣ್ಣ, ಮನೆ 2
ನಾನು ಅಧ್ಯಕ್ಷನಾಗಿದ್ದಾಗ ಒಂದು ಉದ್ದನೆ ಪುಸ್ತಕ ಇತ್ತು. ಸಹಿ ಇಲ್ಲದೆ ಒಂದು ಲೋಡೂ ಇಳೀತಿರಲಿಲ್ಲ. ಈಗಿನ ಕಮಿಟಿಗೆ ಕಂಪ್ಯೂಟರ್ ಇದ್ದರೆ ಸಾಕು, ನೀರು ಬೇಕಿಲ್ಲ.

ಗೀತಾ, ಮನೆ 21
🌸 ಶುಭೋದಯ. ಬೆಳಿಗ್ಗೆ ಬಿಸಿನೀರಿಗೆ ನಿಂಬೆ ಹಿಂಡಿ ಕುಡಿದರೆ ಏನೇನು ಲಾಭ? ಹತ್ತು ಜನಕ್ಕೆ ಕಳಿಸಿ 🌸

ದೀಪಾ, ಮನೆ 17
ಶೈಲಜಾ, ಈಗ ತೆಗೆದು ನೋಡಿದೆ. F27ರ ಮೂಲೆಯಲ್ಲಿ ಕಪ್ಪು ತ್ರಿಕೋನ ಇದೆ. ಅಂದರೆ ನೀವು ಹಾಕಿರೋದು `Insert note`. ಅದು ಸೆಲ್‌ಗೆ ಅಂಟಿಸಿದ ಚೀಟಿ ಅಷ್ಟೇ, ಮೌಸ್ ಅಲ್ಲಿಗೆ ಒಯ್ದವರಿಗೆ ಕಾಣುತ್ತದೆ. ಒಳಗೆ ಯಾರ ಹೆಸರು ಬರೆದರೂ ಯಾರಿಗೂ ಸುದ್ದಿ ಹೋಗಲ್ಲ. ಬೇಕಾಗಿದ್ದದ್ದು ಕಾಮೆಂಟ್. ಅದೇ ಸೆಲ್ ಮೇಲೆ ನಿಂತು `Ctrl+Alt+M` ಒತ್ತಿ. ಅಲ್ಲಿ @ ಹಾಕಿ ರಮೇಶ್ ಸರ್ ಇ-ಮೇಲ್ ಆರಿಸಿದರೆ ಕೆಳಗೆ `Assign to` ಅಂತ ಚೌಕ ಬರುತ್ತೆ. ಅದಕ್ಕೆ ಟಿಕ್ ಹಾಕಿ ಕಳಿಸಿದರೆ ಮಾತ್ರ ಅದು ಅವರ ಹೆಸರಿನ ಕೆಲಸ.

ಮಂಜು, ಮನೆ 5
ನೋಟ್ ಕೊಟ್ಟರೆ ಕೆಲಸ ಆಗುತ್ತೆ ಅಂತಾನೇ ಇಷ್ಟು ದಿನ ನಂಬಿದ್ದೆ 😂

ಪ್ರದೀಪ್, ಮನೆ 11
ನೋಟ್ ಯಾಕೆ, ಸೆಲ್‌ನಲ್ಲೇ @ರಮೇಶ್ ಅಂತ ಹೊಡೆದರೆ ಸಾಕು. ನಾನು ಹಾಗೇ ಮಾಡಿದ್ದೆ, ಹೆಸರು ಗುಂಡಗೆ ಬಂತು. ಅಥವಾ ಒಂದೇ ಕಾಮೆಂಟ್‌ನಲ್ಲಿ ಎಲ್ಲರನ್ನೂ ಹಾಕಿ, ಎಲ್ಲರಿಗೂ ಕೆಲಸ ಬೀಳುತ್ತೆ.

ದೀಪಾ
ಸೆಲ್‌ನಲ್ಲಿ ಗುಂಡಗೆ ಬಂದದ್ದು ಬರೀ ಹೆಸರಿನ ಗುರುತು, ಅದರಿಂದ ಯಾರ ತಲೆ ಮೇಲೂ ಕೆಲಸ ಬೀಳಲ್ಲ. ಕಾಮೆಂಟ್‌ನಲ್ಲಿ ನಾಲ್ಕು ಜನರನ್ನು ಕರೆದರೆ ನಾಲ್ವರಿಗೂ ಮೇಲ್ ಹೋಗುತ್ತೆ, ಅದು ಸರಿ. ಆದರೆ ಕೆಲಸ ಒಬ್ಬರಿಗೇ. ಯಾರಿಗೆ ಅಂತ ಆ ಚೌಕದ ಪಕ್ಕ ಆರಿಸಬೇಕು. ಅದಕ್ಕೇ ಒಂದು ಸಾಲಿಗೆ ಒಂದು ಕಾಮೆಂಟ್, ಒಬ್ಬ ಮನುಷ್ಯ. "ದಯವಿಟ್ಟು ನೋಡಿ" ಅಂತ ಬರೆಯಬೇಡಿ, ಏನು ನೋಡಬೇಕು ಅಂತ ಬರೆಯಿರಿ. ನಾನು F27ರಲ್ಲಿ ಹೀಗೆ ಹಾಕಿದ್ದೇನೆ: "18ನೇ ತಾರೀಖು ಬಿಲ್‌ನಲ್ಲಿ 6,000 ಲೀಟರಿನ 2 ಲೋಡ್. ನಮ್ಮ ಸಂಪು ಹಿಡಿಯುವುದೇ 10,000. ಗಾರ್ಡ್ ರಿಜಿಸ್ಟರ್‌ನಲ್ಲಿ ಆ ದಿನ ಎಷ್ಟು ಲೋಡ್, ಎಷ್ಟು ಹೊತ್ತಿಗೆ? ಶನಿವಾರದೊಳಗೆ."

ಶಿವಣ್ಣ
ಇದನ್ನೆಲ್ಲ ಪ್ರಿಂಟ್ ತೆಗೆದು ನೋಟಿಸ್ ಬೋರ್ಡ್‌ಗೆ ಅಂಟಿಸಿ. ನನಗೆ ಫೋನ್‌ನಲ್ಲಿ ಕಾಣಲ್ಲ.

ದೀಪಾ
ಅಂಕಲ್, ಶೀಟ್‌ನಿಂದ ಪ್ರಿಂಟ್ ಕೊಟ್ಟರೆ ಕಾಮೆಂಟ್ ಬರಲ್ಲ. ನೋಟ್ ಆದರೆ ಬರೋ ಹಾಗೆ ಮಾಡಬಹುದು.

ಶಿವಣ್ಣ
ಹಾಗಾದರೆ ಶೈಲಜಾ ಹಾಕಿದ್ದೇ ಸರಿ. ಸುಮ್ನೆ ಅವಳನ್ನು ಬೈದಿರಿ.

ಶೈಲಜಾ
ನನ್ನನ್ನು ಯಾರೂ ಬೈದಿಲ್ಲ ಅಂಕಲ್!

ರಮೇಶ್
ಮೇಲ್ ಬಂತು. ಶೀಟ್ ತೆರೆದರೆ ಉತ್ತರ ಬರೆಯೋಕೇ ಆಗ್ತಿಲ್ಲ.

ದೀಪಾ
ನಿಮ್ಮದು `Viewer`. ಶೈಲಜಾ, ಶೇರ್‌ನಲ್ಲಿ ಸರ್ ಹೆಸರಿನ ಮುಂದೆ `Commenter` ಮಾಡಿ. `Editor` ಬೇಡ, ಅಂಕೆ ಯಾರು ತಿದ್ದಿದ್ದು ಅಂತ ಇನ್ನೊಂದು ಜಗಳ ಶುರುವಾಗುತ್ತೆ.

ವಿನುತಾ, ಮನೆ 19
ನಮ್ಮ ಮನೆ ಎದುರಿನ ಮ್ಯಾನ್‌ಹೋಲ್ ಮುಚ್ಚಳದ್ದೂ ಇದರಲ್ಲೇ ಹಾಕಬಹುದಾ? ಜನವರಿಯಿಂದ ಹೇಳ್ತಿದ್ದೇನೆ.

(ಮಧ್ಯಾಹ್ನ 1:40)

ಶೈಲಜಾ
F27ರ ಕಾಮೆಂಟೇ ಮಾಯ! ಅಳಿಸಿದ್ದು ಯಾರು?

ರಮೇಶ್
ನಾನು ಓದಿದೆ ಅಂತ ಟಿಕ್ ಒತ್ತಿದೆ ಮೇಡಂ. ವಾಟ್ಸಾಪ್‌ನಲ್ಲಿ ಹಾಗೇ ಅಲ್ವಾ?

ದೀಪಾ
ಇಲ್ಲಿ ಟಿಕ್ ಅಂದರೆ ಕೆಲಸ ಮುಗೀತು ಅಂತ ಸರ್. ಮುಗಿದದ್ದು ಕಣ್ಣಿಂದ ಮರೆಯಾಗುತ್ತೆ, ಅಳಿಸಿ ಹೋಗಲ್ಲ. ಮೇಲೆ ಬಲಗಡೆ ಕಾಮೆಂಟ್ ಚಿತ್ರ ಒತ್ತಿದರೆ ಹಳೆಯದೆಲ್ಲ ಸಿಗುತ್ತೆ, ಅಲ್ಲಿಂದ ಮತ್ತೆ ತೆರೆದಿದ್ದೇನೆ. ಉತ್ತರದಲ್ಲಿ ರಿಜಿಸ್ಟರ್ ಅಂಕೆ ಬರೆದು ಆಮೇಲೆ ಟಿಕ್ ಒತ್ತಿ.

ಪ್ರದೀಪ್
ಟಿಕ್ ಒತ್ತಿದ ತಕ್ಷಣ ಎಲ್ಲರಿಗೂ ಮುಗಿದ ಹಾಗೇ ಕಾಣುತ್ತಲ್ಲ. ಯಾರಾದರೂ ನೋಡದೆ ಒತ್ತಿದರೆ ಏನು ಗತಿ?

ದೀಪಾ
ಅದಕ್ಕೆ ಶೀಟ್‌ನಲ್ಲಿ ಔಷಧಿ ಇಲ್ಲ ಪ್ರದೀಪ್. ಪಕ್ಕದ ಕಾಲಂನಲ್ಲಿ ಅಂಕೆ ಖಾಲಿ ಇದ್ದರೆ ಟಿಕ್ ಲೆಕ್ಕಕ್ಕಿಲ್ಲ ಅಂತ ನಾವೇ ಮಾತಾಡಿಕೊಳ್ಳಬೇಕು.

ರಮೇಶ್ (ಸಂಜೆ 7:05)
ಗೇಟ್‌ಗೆ ಹೋಗಿದ್ದೆ. 18ನೇ ತಾರೀಖಿನ ರಿಜಿಸ್ಟರ್ ಅಲ್ಲಿಲ್ಲ. ಶಿವಣ್ಣನವರ ಮನೆಗೆ ತಗೊಂಡು ಹೋದರು ಅಂತಾನೆ ಗಾರ್ಡ್.

ಶಿವಣ್ಣ
ಗೇಟ್ ದೀಪ ಹೋಗಿ ಹದಿನೈದು ದಿನ ಆಯ್ತು. ಕತ್ತಲಲ್ಲಿ ಆ ಹುಡುಗ ಏನು ಬರೆದ ಅಂತ ನೋಡೋಕೆ ತಂದಿದ್ದೆ. ಮೊದಲು ದೀಪದ ವಿಷಯ ಹೇಳಿ, ಯಾರು ಹಾಕಿಸ್ತೀರಿ?

ಮಂಜು
ಎಲೆಕ್ಟ್ರಿಷಿಯನ್ ನಂಬರ್ ನನ್ನ ಹತ್ತಿರ ಇದೆ, ಭಾನುವಾರ ಬರ್ತಾನೆ.

ವಿನುತಾ
ಅವನೇ ಬಂದಾಗ ಮ್ಯಾನ್‌ಹೋಲ್ ಹತ್ತಿರವೂ ಒಂದು ದೀಪ.

ಗೀತಾ
ನಮ್ಮ ಗೇಟ್ ಹತ್ತಿರವೂ 🙏

ಪ್ರದೀಪ್
ಶೀಟ್‌ನಲ್ಲಿ "ದೀಪ" ಅಂತ ಹೊಸ ಹಾಳೆ ಮಾಡಿದ್ದೇನೆ. ಎಲ್ಲರೂ ಹೆಸರು ಹಾಕಿ.

ಶೈಲಜಾ
ಅಂಕಲ್, ರಿಜಿಸ್ಟರ್?