ಸರಾಸರಿ ಏರಿಕೆ ಶೇ. 9, ಮೀಡಿಯನ್ ಮೈನಸ್ 2: ಅನುಭವ ಇದ್ದವರು ಹೇಳಿ

ಹೆಬ್ಬಾಳದ ಹುಡುಗಿ: ನಮ್ಮದು ಷೇರುಪೇಟೆಯಲ್ಲಿರುವ ಕಂಪನಿ. ಈ ಸಲದ ವಾರ್ಷಿಕ ವರದಿಯಲ್ಲಿ ನೌಕರರ ಸಂಬಳ ಸರಾಸರಿ ಶೇ. 9 ಏರಿದೆ ಅಂತ ಇದೆ. ಅದೇ ಪುಟದಲ್ಲಿ ಮೀಡಿಯನ್ ಸಂಬಳ ಶೇ. 2 ಇಳಿದಿದೆ ಅಂತಲೂ ಇದೆ. ನನಗೆ ಸಿಕ್ಕಿದ್ದು ಶೇ. 6. ಯಾರ ಸಂಬಳಕ್ಕೂ ಕೈ ಹಾಕಿಲ್ಲ ಅಂತಾರೆ ಎಚ್‌ಆರ್. ಇಂಥ ಅಂಕಿ ನೋಡಿ ಕೆಲಸ ಬಿಟ್ಟವರು, ಬಿಡದೆ ಉಳಿದವರು ಇದ್ದರೆ ಹೇಳಿ.

ಸಿಲ್ಕ್ ಬೋರ್ಡ್ ಸಂತ್ರಸ್ತ: ನಾನು ಬಿಟ್ಟವನು. ಒಂದು ಸಂಬಳದ ವೆಬ್‌ಸೈಟಿನಲ್ಲಿ ನನ್ನ ಹುದ್ದೆಗೆ ಬೆಂಗಳೂರಿನ ಸರಾಸರಿ 24 ಲಕ್ಷ ಅಂತ ಇತ್ತು. ನನಗೆ ಬರುತ್ತಿದ್ದದ್ದು 16. ಮೂರು ರಾತ್ರಿ ನಿದ್ದೆ ಬರಲಿಲ್ಲ. ಮ್ಯಾನೇಜರ್ ಹತ್ತಿರ ಜಗಳ ಆಡಿ ಪೇಪರ್ ಹಾಕಿದೆ. ಎಷ್ಟು ಇಂಟರ್‌ವ್ಯೂ ಕೊಟ್ಟರೂ ಯಾರೂ 19ರ ಮೇಲೆ ಹೋಗಲಿಲ್ಲ. ಅದರಲ್ಲೂ 2 ಲಕ್ಷ ವೇರಿಯಬಲ್. ವರ್ಷದ ಕೊನೆಗೆ ಅದರ ಅರ್ಧ ಮಾತ್ರ ಬಂತು.

ಹೊಸ ಆಫೀಸ್ ವೈಟ್‌ಫೀಲ್ಡಿನಲ್ಲಿ. ಜಯನಗರದ 24,000ದ ಮನೆ ಬಿಟ್ಟು 38,000ದ ಮನೆಗೆ ಹೋದೆ. ಅಡ್ವಾನ್ಸ್ 10 ತಿಂಗಳದ್ದು, ಅಂದರೆ 3,80,000. ಹಳೇ ಮನೆಯವರು ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಸಾಮಾನು ಸಾಗಿಸಲು 14,500. ಆ ಗಲಾಟೆಯಲ್ಲಿ ವಾಷಿಂಗ್ ಮಷಿನ್ನಿನ ಬಾಗಿಲು ಮುರಿಯಿತು, ಅದಕ್ಕೆ 3,200. ಆಮೇಲೆ ಒಂದು ದಿನ ಅದೇ ವೆಬ್‌ಸೈಟಿನ ಪುಟವನ್ನು ಕೆಳಗೆ ಎಳೆದರೆ ಮೀಡಿಯನ್ 15 ಲಕ್ಷ ಅಂತ ಇದೆ! 16 ತಗೊಳ್ಳುವಾಗ ನಾನು ಅರ್ಧಕ್ಕಿಂತ ಜಾಸ್ತಿ ಜನರಿಗಿಂತ ಮೇಲೇ ಇದ್ದೆ. ಆದರೂ ಬಿಟ್ಟಿದ್ದು ತಪ್ಪು ಅಂತ ಹೇಳಲ್ಲ. ಆ ಮ್ಯಾನೇಜರ್ ಮುಖ ನೋಡುವುದು ತಪ್ಪಿತಲ್ಲ, ಅದಕ್ಕೇ 3 ಲಕ್ಷ ಕೊಡಬಹುದು.

ಲೆಕ್ಕದ ಮೇಷ್ಟ್ರು: ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಸರಾಸರಿ ಸುಳ್ಳು, ಮೀಡಿಯನ್ ಸತ್ಯ. ಮೇಲಿನ ನಾಲ್ಕು ಜನ ಕೋಟಿ ತಗೊಂಡರೆ ಸರಾಸರಿ ಮೇಲೆ ಹೋಗುತ್ತದೆ. ಮೀಡಿಯನ್ ಅಲುಗಾಡಲ್ಲ, ಅದು ಎಲ್ಲರನ್ನೂ ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ಸಾಲಿನ ಮಧ್ಯದಲ್ಲಿ ನಿಂತವನ ಸಂಬಳ. ಅದು ಇಳಿದಿದೆ ಅಂದರೆ ಮಧ್ಯದವರ ಸಂಬಳ ಕತ್ತರಿಸಿದ್ದಾರೆ ಅಂತಲೇ ಅರ್ಥ. ನಿಮ್ಮ ಎಚ್‌ಆರ್ ಬುರುಡೆ ಬಿಡುತ್ತಿದ್ದಾರೆ. ನಾನು 22 ವರ್ಷ ಪಾಠ ಮಾಡಿದವನು.

ಪೇರೋಲ್ ರಾಧಾ: ಮೇಷ್ಟ್ರೇ, ಅರ್ಧ ಒಪ್ಪುತ್ತೇನೆ. ಕೋಟಿಯವರು ಬಂದರೆ ಮೀಡಿಯನ್ ಅಲುಗಾಡಲ್ಲ, ನಿಜ. ಆದರೆ ಕೆಳಗಡೆ ಜನ ಸೇರಿದರೆ ಅಲುಗಾಡುತ್ತದೆ. ಯಾರ ಒಂದು ರೂಪಾಯಿಯನ್ನೂ ಕತ್ತರಿಸದೆ ಮೀಡಿಯನ್ ಇಳಿದಿದ್ದನ್ನು ನಾನೇ ಲೆಕ್ಕ ಹಾಕಿ ವರದಿಗೆ ಕೊಟ್ಟಿದ್ದೇನೆ. ಸಂಬಳದ ವಿಭಾಗದಲ್ಲಿ 11 ವರ್ಷ ಕೂತವಳು.

ಐದು ಜನರ ಒಂದು ತಂಡ ತಗೊಳ್ಳಿ. ಸಂಬಳ 8, 10, 12, 16 ಮತ್ತು 30 ಲಕ್ಷ. ಮಧ್ಯದವರು 12. ಎಲ್ಲರಿಗೂ ಶೇ. 10 ಕೊಟ್ಟೆವು. ಈಗ 8.8, 11, 13.2, 17.6, 33. ಅದೇ ವರ್ಷ ನಾಲ್ಕು ಫ್ರೆಷರ್‌ಗಳನ್ನು 4.5 ಲಕ್ಷಕ್ಕೆ ತಗೊಂಡೆವು. ಈಗ ಸಾಲಿನಲ್ಲಿ ಒಂಬತ್ತು ಜನ. ಮಧ್ಯದಲ್ಲಿ ನಿಂತಿರುವುದು ಐದನೆಯವರು, ಅವರದು 8.8. ಮೀಡಿಯನ್ 12ರಿಂದ 8.8ಕ್ಕೆ ಬಿತ್ತು! ಹಳೆಯ ಐವರಲ್ಲಿ ಒಬ್ಬರಿಗೂ ನಷ್ಟ ಆಗಿಲ್ಲ. ಸಾಲಿನ ಮಧ್ಯ ಅನ್ನುವ ಜಾಗವೇ ಎರಡು ಹೆಜ್ಜೆ ಕೆಳಗೆ ಸರಿಯಿತು, ಅಷ್ಟೇ. ದೊಡ್ಡ ಸಂಬಳದ ಹಳಬರು ಒಟ್ಟಿಗೆ ಬಿಟ್ಟು ಹೋದರೂ ಇದೇ ಆಗುತ್ತದೆ.

ಹೆಬ್ಬಾಳದವರೇ, ನೀವು ನೋಡಿದ ಎರಡು ಅಂಕಿಗಳೂ ಕಂಪನಿ ಕಾಯ್ದೆಯ 197(12)ನೇ ಕಲಮು ಮತ್ತು 2014ರ ನಿಯಮಗಳ 5(1)ರ ಪ್ರಕಾರ ಕೊಡಲೇಬೇಕಾದವು. ಒಂದೇ ಪುಟದಲ್ಲಿದ್ದರೂ ಅವು ಕೇಳುವ ಪ್ರಶ್ನೆ ಬೇರೆ. ಮೀಡಿಯನ್ ಏರಿಕೆ ಅಂದರೆ ಹೋದ ವರ್ಷದ ಸಾಲಿನ ಮಧ್ಯವನ್ನು ಈ ವರ್ಷದ ಸಾಲಿನ ಮಧ್ಯದ ಜೊತೆ ಹೋಲಿಸುವುದು. ಎರಡೂ ಸಲ ಅಲ್ಲಿ ನಿಂತವರು ಒಬ್ಬರೇ ಆಗಿರಬೇಕಿಲ್ಲ. ಸರಾಸರಿ ಏರಿಕೆ ಅನ್ನುವುದು ಮೊದಲಿನಿಂದ ಇದ್ದವರಿಗೆ ಎಷ್ಟು ಕೊಟ್ಟರು ಅನ್ನುವ ಕಡೆಗೆ ವಾಲುತ್ತದೆ. ಅದೇ ಪಟ್ಟಿಯಲ್ಲಿ ಕಾಯಂ ನೌಕರರ ಸಂಖ್ಯೆ ಇರುತ್ತದೆ. ಹೋದ ವರ್ಷದ ವರದಿ ತೆಗೆದು ಪಕ್ಕದಲ್ಲಿಟ್ಟು ನೋಡಿ. ಜನ ಜಾಸ್ತಿ ಆಗಿದ್ದರೆ ಫ್ರೆಷರ್ ಕಥೆ ಇರಬಹುದು. ಪಟ್ಟಿಯ ಕೆಳಗಿನ ಟಿಪ್ಪಣಿಯನ್ನೂ ಬಿಡಬೇಡಿ. ಕೆಲವು ಕಂಪನಿಗಳು ಪೂರ್ತಿ ವರ್ಷ ಕೆಲಸ ಮಾಡಿದವರನ್ನು ಮಾತ್ರ ಲೆಕ್ಕಕ್ಕೆ ತಗೊಂಡಿದ್ದೇವೆ ಅಂತ ಬರೆದಿರುತ್ತವೆ.

ತುಮಕೂರು ಅಪ್ಪ: ಮೀಡಿಯನ್ ಅನ್ನುವ ಪದ ನನಗೆ ಗೊತ್ತಾಗಿದ್ದೇ 14 ಲಕ್ಷ ಕಳೆದುಕೊಂಡ ಮೇಲೆ. ಮಗನಿಗೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿದೆ. ವರ್ಷಕ್ಕೆ 3.5 ಲಕ್ಷ. ಅದರ ಮೇಲೆ ಪಿಜಿಗೆ ತಿಂಗಳಿಗೆ 9,500. ಬಸ್ ಬೇರೆ. ಮೊದಲ ವರ್ಷ ಲ್ಯಾಪ್‌ಟಾಪ್ 62,000. ಪುಸ್ತಿಕೆಯಲ್ಲಿ ಸರಾಸರಿ ಪ್ಯಾಕೇಜ್ 11 ಲಕ್ಷ ಅಂತ ಇಷ್ಟು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಮಗನಿಗೆ ಸಿಕ್ಕಿದ್ದು 3.8. ಅವನ ಜೊತೆಯವರಲ್ಲೂ ಹೆಚ್ಚಿನವರಿಗೆ ಅಷ್ಟೇ. ಒಬ್ಬ ಹುಡುಗನಿಗೆ 46 ಲಕ್ಷ ಬಂತು. ಅದರಲ್ಲಿ ನಾಲ್ಕು ವರ್ಷಕ್ಕೆ ಹಂಚಿ ಕೊಡುವ ಷೇರನ್ನೂ ಒಂದೇ ವರ್ಷದ ಸಂಬಳ ಅಂತ ಸೇರಿಸಿದ್ದರಂತೆ. ಕೆಲಸ ಸಿಗದವರನ್ನು ಲೆಕ್ಕಕ್ಕೇ ತಗೊಂಡಿಲ್ಲ. ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್‌ಗೆ ಕಾಲೇಜು ಕೊಡುವ ಮಾಹಿತಿಯಲ್ಲಿ ಮೀಡಿಯನ್, ಕೆಲಸ ಸಿಕ್ಕವರ ಸಂಖ್ಯೆ, ಪಾಸಾದವರ ಸಂಖ್ಯೆ ಎಲ್ಲಾ ಇರುತ್ತದೆ ಅಂತ ಆಮೇಲೆ ಯಾರೋ ಹೇಳಿದರು. ನಾಲ್ಕು ವರ್ಷದ ಹಿಂದೆ ಹೇಳಬೇಕಿತ್ತು.

ಲೆಕ್ಕದ ಮೇಷ್ಟ್ರು: ಅಪ್ಪಾವರೇ, ಇಲ್ಲಿ ಕಾಲೇಜಿನ ಮಾತೇ ಇಲ್ಲ.

ತುಮಕೂರು ಅಪ್ಪ: ನನ್ನ ದುಡ್ಡು ಹೋಗಿದೆ ಸ್ವಾಮಿ, ನಾನು ಮಾತಾಡುತ್ತೇನೆ. 22 ವರ್ಷ ಪಾಠ ಮಾಡಿದ ನೀವು ಇದನ್ನು ನಮ್ಮಂಥವರಿಗೆ ಒಂದು ದಿನವಾದರೂ ಹೇಳಿದ್ದೀರಾ?

ಲೆಕ್ಕದ ಮೇಷ್ಟ್ರು: ರಾಧಾ ಮೇಡಂ, ಐದು ಜನರ ಉದಾಹರಣೆ ಹೆಣೆಯುವುದು ಸುಲಭ. ಸಾವಿರಾರು ಜನರ ಕಂಪನಿಯಲ್ಲಿ ಹೀಗಾಗಲ್ಲ. ಹೋಗಲಿ, ಆ ಶೇ. 9 ಎಲ್ಲಿಂದ ಬಂತು? ಆಕೆಗೆ ಸಿಕ್ಕಿದ್ದು 6. ಇದನ್ನೂ ಫ್ರೆಷರ್‌ಗಳ ತಲೆಗೆ ಕಟ್ಟುತ್ತೀರಾ?

ಪೇರೋಲ್ ರಾಧಾ: ಸಾವಿರಾರು ಜನರಲ್ಲೂ ಆಗುತ್ತದೆ. 12 ಇದ್ದದ್ದು 8.8 ಆಗುವಷ್ಟು ಜೋರಾಗಿ ಆಗಲ್ಲ. ಅದಕ್ಕೇ ಅಲ್ವಾ ಅವರದು ಬರೀ ಶೇ. 2 ಇಳಿದಿರುವುದು?

ಶೇ. 9ರ ವಿಷಯದಲ್ಲಿ ನಿಮ್ಮ ಅನುಮಾನ ನ್ಯಾಯವಾದದ್ದೇ. ಹತ್ತು ಜನ ಇದ್ದಾರೆ ಅಂದುಕೊಳ್ಳಿ. ಒಂಬತ್ತು ಜನರಿಗೆ ತಲಾ 6 ಲಕ್ಷ, ಒಬ್ಬರಿಗೆ 60. ಒಂಬತ್ತು ಜನರಿಗೆ ಶೇ. 6 ಏರಿಸಿದರು, ದೊಡ್ಡವರಿಗೆ ಶೇ. 15. ಹತ್ತು ಶೇಕಡಾಗಳನ್ನು ಕೂಡಿ ಹತ್ತರಿಂದ ಭಾಗಿಸಿದರೆ 6.9 ಬರುತ್ತದೆ. ಇನ್ನೊಂದು ದಾರಿ ಒಟ್ಟು ಸಂಬಳದ ಬಿಲ್ಲು ಎಷ್ಟು ಏರಿತು ಅಂತ ನೋಡುವುದು. ಮೊದಲು 114 ಲಕ್ಷ ಇತ್ತು, ಒಂಬತ್ತು ಜನರಿಂದ 3.24 ಮತ್ತು ಒಬ್ಬರಿಂದಲೇ 9 ಸೇರಿ 12.24 ಜಾಸ್ತಿ ಆಯಿತು. ಅದು ಶೇ. 10.7. ಎರಡನ್ನೂ ‘ಸರಾಸರಿ ಏರಿಕೆ’ ಅಂತಲೇ ಕರೆಯುತ್ತಾರೆ. ಒಂಬತ್ತು ಜನ ಬೆರಳು ಮಡಚಿ ಎಣಿಸಿದರೂ ಅವರಿಗೆ ಕಾಣುವುದು 6. ಇವರ ಕಂಪನಿ ಯಾವ ದಾರಿ ಹಿಡಿದಿದೆ ಅಂತ ಕೇಳದೆ ಗೊತ್ತಾಗಲ್ಲ.

ಸಿಲ್ಕ್ ಬೋರ್ಡ್ ಸಂತ್ರಸ್ತ: ಅಂದರೆ ಎರಡೂ ಅಂಕಿ ನಿಜ, ನಮಗೆ ಮಾತ್ರ ಚೊಂಬು. ಇಷ್ಟು ಲೆಕ್ಕ ಗೊತ್ತಿರುವ ನೀವು ಕಂಪನಿಯ ಕಡೆ ಕೂತು ಅದನ್ನೇ ಅಚ್ಚು ಹಾಕಿಸುತ್ತೀರಲ್ಲ ಮೇಡಂ.

ಪೇರೋಲ್ ರಾಧಾ: ನನಗೂ ಆ ವರ್ಷ ಶೇ. 5 ಕೊಟ್ಟರು ಸರ್. ಆ ಪಟ್ಟಿ ತಯಾರಿಸಿದವಳು ನಾನೇ. ಸುಮ್ನೆ ಸಹಿ ಹಾಕಿಸಿ ಕಳಿಸಿದೆ.

ಆರ್.ಟಿ. ನಗರ ಮನೆಮಾಲೀಕ: ಸಂಬಳದ ವಿಷಯ ನನಗೆ ಗೊತ್ತಿಲ್ಲ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು ಅಂತ ಮೇಲೆ ಒಬ್ಬರು ಅತ್ತಿದ್ದಾರಲ್ಲ, ಅಗ್ರಿಮೆಂಟ್ ಓದಿದ್ದರಾ? ಗೋಡೆ ತುಂಬಾ ಮೊಳೆ ಹೊಡೆದು ಹೋಗುವವರಿಗೆ ಏನು ಮಾಡಬೇಕು?

ಸಿಲ್ಕ್ ಬೋರ್ಡ್ ಸಂತ್ರಸ್ತ: ಎರಡೇ ಮೊಳೆ ಹೊಡೆದಿದ್ದು. ಒಂದು ಕ್ಯಾಲೆಂಡರಿಗೆ, ಒಂದು ದೇವರ ಫೋಟೋಗೆ. ಪೇಂಟ್ ಹೊಡೆಸದೆ ಹಾಗೇ ಮುಂದಿನವರಿಗೆ ಕೊಟ್ಟರು, ನಾನೇ ಹೋಗಿ ನೋಡಿ ಬಂದೆ.

ಹೆಬ್ಬಾಳದ ಹುಡುಗಿ: ರಾಧಾ ಮೇಡಂ, ಹಳೇ ವರದಿ ತೆಗೆದು ನೋಡಿದೆ. ಕಾಯಂ ನೌಕರರು 2,140ರಿಂದ 2,610 ಆಗಿದ್ದಾರೆ. ಟಿಪ್ಪಣಿಯಲ್ಲಿ ಪೂರ್ತಿ ವರ್ಷದವರು ಅಂತ ಏನೂ ಬರೆದಿಲ್ಲ. ಹಾಗಾದರೆ ಫ್ರೆಷರ್‌ಗಳಿಂದಲೇ ಇಳಿದಿದೆ ಅಂತ ಅಂದುಕೊಳ್ಳಬಹುದಾ? ಎಚ್‌ಆರ್‌ಗೆ ಏನು ಕೇಳಲಿ?

ಪೇರೋಲ್ ರಾಧಾ: ಆ 470 ಜನ ಫ್ರೆಷರ್‌ಗಳೇ ಅಂತ ವರದಿಯಿಂದ ಸಾಬೀತಾಗಲ್ಲ. 470 ಅನ್ನುವುದು ಬಂದವರಲ್ಲಿ ಹೋದವರನ್ನು ಕಳೆದು ಉಳಿದದ್ದು. ಎಷ್ಟು ಜನ ಬಿಟ್ಟರು ಅನ್ನುವುದನ್ನು, ವರದಿಯಲ್ಲಿ ಬಿಆರ್‌ಎಸ್‌ಆರ್ ಅಂದರೆ ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ಭಾಗ ಇದ್ದರೆ ಅಲ್ಲಿ ನೋಡಿ, ಕಾಯಂ ನೌಕರರ ಟರ್ನೋವರ್ ದರ ಅಲ್ಲಿರುತ್ತದೆ. ಗಂಡಸರ ಮೀಡಿಯನ್, ಹೆಂಗಸರ ಮೀಡಿಯನ್ ಕೂಡ ಬೇರೆ ಬೇರೆ ಕೊಟ್ಟಿರುತ್ತಾರೆ. ಎಚ್‌ಆರ್‌ಗೆ ಮಾತ್ರ ಒಂದೇ ಪ್ರಶ್ನೆ ಕೇಳಿ: ಎರಡೂ ವರ್ಷ ಇಲ್ಲೇ ಇದ್ದ ನನ್ನ ಗ್ರೇಡಿನವರಿಗೆ ಸಿಕ್ಕ ಏರಿಕೆಯ ಮೀಡಿಯನ್ ಎಷ್ಟು? ನನ್ನ ಐದು ಜನರ ತಂಡದಲ್ಲಿ ಹಾಗೆ ಕೇಳಿದ್ದರೆ ಉತ್ತರ ಶೇ. 10 ಅಂತ ಬರುತ್ತಿತ್ತು. ಇಡೀ ಕಂಪನಿಯ ಮೈನಸ್ 2 ಹಿಡಿದು ವಾದ ಮಾಡಲು ಹೋದರೆ ‘ಫ್ರೆಷರ್‌ಗಳು’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಹೆಬ್ಬಾಳದ ಹುಡುಗಿ: ಕೇಳಿದೆ. ‘ಗ್ರೇಡ್‌ವಾರು ಮಾಹಿತಿ ಹಂಚಿಕೊಳ್ಳುವುದು ನಮ್ಮ ಪಾಲಿಸಿಯಲ್ಲಿಲ್ಲ’ ಅಂತ ಮೇಲ್ ಬಂತು. ನಮ್ಮ ಸಾಲಿನಲ್ಲಿ ಕೂತುಕೊಳ್ಳುವ ಏಳು ಜನರನ್ನು ಕ್ಯಾಂಟೀನಿನಲ್ಲಿ ಮೆಲ್ಲಗೆ ಕೇಳಿದೆ. ನಾಲ್ಕು ಜನ ಹೇಳಿದರು: 5, 6, 6, 14. ಆ 14ರವನು ಬೇರೆ ಕಡೆಯ ಆಫರ್ ತೋರಿಸಿದ್ದನಂತೆ.

ಲೆಕ್ಕದ ಮೇಷ್ಟ್ರು: ನೋಡಿದಿರಾ, ಮೀಡಿಯನ್ 6. ನಾನು ಮೊದಲೇ ಹೇಳಿದ್ದೆ.

ಪೇರೋಲ್ ರಾಧಾ: ನೀವು ಹೇಳಿದ್ದು ಅದಲ್ಲ ಮೇಷ್ಟ್ರೇ. ಮೇಲೆ ಹೋಗಿ ಓದಿ.