ರಾತ್ರಿ 11ಕ್ಕೆ ಬಂದ ಮೆಸೇಜಿಗೆ ಏನಂತ ಉತ್ತರ ಬರೆಯಲಿ?

ಪ್ರಶ್ನೆ (ಬಟ್ಟೆ ಅಂಗಡಿ ಮ್ಯಾನೇಜರ್, ದಾವಣಗೆರೆ): ನಮ್ಮ ಬಿಲ್ಲಿಂಗ್ ಕೌಂಟರಿನ ಹೆಣ್ಣುಮಗಳು ಈಗಷ್ಟೇ ವಾಟ್ಸಾಪ್ ಮಾಡಿದ್ದಾರೆ: "ಸರ್, ಮನೆಯವರು ದಿನಾ ಕುಡಿದು ಬಂದು ಗಲಾಟೆ. ನಿದ್ದೆನೇ ಇಲ್ಲ. ನಾಳೆ ಬರೋಕಾಗಲ್ಲ. ಯಾರಿಗೂ ಹೇಳಬೇಡಿ." ನಾನು ಬರೆದಿಟ್ಟ ಉತ್ತರ: "ಅಯ್ಯೋ ತಂಗಿ, ಟೆನ್ಶನ್ ಮಾಡ್ಕೋಬೇಡ. ಯಾವ ಹೊತ್ತಲ್ಲಾದ್ರೂ ಫೋನ್ ಮಾಡು. ಎಷ್ಟು ದಿನ ಬೇಕಾದ್ರೂ ರಜೆ ತಗೋ. ಯಾರಿಗೂ ಹೇಳಲ್ಲ. ಬೇಕಾದ್ರೆ ಅವನ ಹತ್ರ ನಾನೇ ಮಾತಾಡ್ತೀನಿ." ಇನ್ನೂ ಕಳಿಸಿಲ್ಲ. ಸರಿ ಇದೆಯಾ?

ಉತ್ತರ (ಗಾರ್ಮೆಂಟ್ಸ್ ಕಾರ್ಖಾನೆಯ ಎಚ್‌ಆರ್): ಕಳಿಸದೇ ಇದ್ದದ್ದು ಒಳ್ಳೇದಾಯ್ತು. ಮನಸ್ಸು ಒಳ್ಳೇದೇ, ಆದರೆ ಕೊನೆಯ ಸಾಲು ಅಪಾಯದ್ದು. ನೀವು ಗಂಡನ ಹತ್ರ ಮಾತಾಡಿದರೆ, ಹೆಂಡತಿ ಮನೆ ವಿಷಯ ಸರ್‌ಗೆ ಹೇಳಿದ್ದಾಳೆ ಅಂತ ಅವನಿಗೆ ಗೊತ್ತಾಗುತ್ತೆ. ಆ ರಾತ್ರಿ ಏಟು ತಿನ್ನೋದು ಆಕೆ, ನೀವಲ್ಲ.

ಇನ್ನೊಂದು ವಿಷಯ ಜಾಸ್ತಿ ಜನ ಯೋಚಿಸಲ್ಲ. ಆ ಫೋನನ್ನು ಗಂಡನೂ ನೋಡಬಹುದು. ಆದ್ದರಿಂದ ಗಲಾಟೆ, ಕುಡಿತ, ಸಹಾಯವಾಣಿ ನಂಬರು ಯಾವುದನ್ನೂ ಉತ್ತರದಲ್ಲಿ ಬರೆಯಬೇಡಿ. ರಾತ್ರಿ ಫೋನ್ ಮಾಡು ಅನ್ನೋದೂ ಬೇಡ. ಬೆಳಿಗ್ಗೆ ಅಂಗಡಿ ತೆಗೆದ ಮೇಲೆ ಇಷ್ಟು ಸಾಕು:

"ನಮಸ್ಕಾರ. ಮೆಸೇಜ್ ನೋಡಿದೆ. ಇವತ್ತಿಗೆ ರಜೆ ಹಾಕಿದ್ದೇನೆ, ಬಿಲ್ಲಿಂಗ್ ಬೇರೆಯವರು ನೋಡಿಕೊಳ್ಳುತ್ತಾರೆ. ಇನ್ನೂ ರಜೆ ಬೇಕಿದ್ದರೆ ಸಂಜೆ 7ರೊಳಗೆ ತಿಳಿಸಿ. ಕೆಲಸಕ್ಕೆ ಬಂದ ದಿನ ಹತ್ತು ನಿಮಿಷ ಮಾತಾಡೋಣ."

ಉಳಿದಿದ್ದು ಎದುರು ಕೂತು. ಆಕೆ ಒಪ್ಪಿದರೆ ಹಿರಿಯ ಹೆಣ್ಣುಮಗಳೊಬ್ಬರು ಜೊತೆಗಿರಲಿ. ಹೀಗೆ ಹೇಳಬಹುದು: "ನೀವು ಹೇಳಿದ್ದು ಒಳ್ಳೇದಾಯ್ತು. ಮನೆ ವಿಷಯ ಎಷ್ಟು ಹೇಳಬೇಕೋ ನಿಮಗೆ ಬಿಟ್ಟಿದ್ದು, ನಾನು ಕೆದಕಲ್ಲ. ನನ್ನ ಕೈಯಲ್ಲಿರೋದು ರಜೆ ಮತ್ತು ಕೆಲಸದ ಹೊತ್ತು. ರಿಜಿಸ್ಟರಿನಲ್ಲಿ ಕಾರಣ 'ವೈಯಕ್ತಿಕ' ಅಂತಷ್ಟೇ ಇರುತ್ತೆ. ಆದರೆ ನಿಮ್ಮ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ನಾನು ಸುಮ್ಮನಿರೋಕಾಗಲ್ಲ. ಆಗಲೂ ಆದಷ್ಟು ಮಟ್ಟಿಗೆ ನಿಮಗೆ ಹೇಳಿಯೇ ಮುಂದಿನ ಹೆಜ್ಜೆ."

"ಯಾರಿಗೂ ಹೇಳಲ್ಲ" ಅನ್ನುವ ಮಾತನ್ನು ಇದರಿಂದಲೇ ಬಿಟ್ಟಿದ್ದು. ನಾಳೆ ಆಕೆ ಕೈಗೆ ಗಾಯ ಮಾಡಿಕೊಂಡು ಬಂದರೆ ಆ ಮಾತು ಉಳಿಸಿಕೊಳ್ಳೋಕೆ ಆಗುತ್ತಾ? ಹೊಡೆತ ಇದೆ ಅಂತ ಆಕೆಯೇ ಹೇಳಿದರೆ ಮಹಿಳಾ ಸಹಾಯವಾಣಿ 181, ತುರ್ತಾದರೆ 112. ನಿದ್ದೆ ಇಲ್ಲ, ಮನಸ್ಸು ಸರಿ ಇಲ್ಲ ಅಂದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಬಾಯಲ್ಲೇ ಹೇಳಿ. ಫೋನಿನಲ್ಲಿ ಸೇವ್ ಮಾಡಿಕೊಳ್ಳಬೇಕೋ ಬೇಡವೋ ಆಕೆಯೇ ನೋಡಿಕೊಳ್ಳಲಿ.

ಅಕ್ಕಿ ಗಿರಣಿ ಸೂಪರ್‌ವೈಸರ್, ಹರಿಹರ: ಇಷ್ಟೆಲ್ಲ ಯಾಕ್ರೀ? "ಮನೆ ವಿಷಯ ಕೆಲಸಕ್ಕೆ ತರಬೇಡಿ, ರಜಾ ಅರ್ಜಿ ಕೊಡಿ" ಅಂದರೆ ಮುಗೀತು. ಇಎಸ್‌ಐ ಇದ್ದರೆ ರಜೆಗೆ ದುಡ್ಡೂ ಬರುತ್ತೆ.

ಎಚ್‌ಆರ್: ಗೆರೆ ಎಳೆಯಬೇಕು ಅನ್ನೋದು ಸರಿ ಅಣ್ಣಾ. ಆದರೆ ಆ ಸಾಲು ಓದಿದವರು ಇನ್ನೊಮ್ಮೆ ಏನೂ ಹೇಳಲ್ಲ, ಒಂದು ದಿನ ಕೆಲಸಕ್ಕೆ ಬರೋದೇ ನಿಲ್ಲಿಸ್ತಾರೆ. ಇನ್ನು ಇಎಸ್‌ಐ ದುಡ್ಡು ಗಂಡನ ಕುಡಿತಕ್ಕೆ ಬರಲ್ಲ. ಕೆಲಸಗಾರರಿಗೇ ಕಾಯಿಲೆ ಅಂತ ಇಎಸ್‌ಐ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟರೆ ಮಾತ್ರ, ಅದೂ ಕೂಲಿಯ ಸುಮಾರು 70%, ವರ್ಷಕ್ಕೆ ಹೆಚ್ಚೆಂದರೆ 91 ದಿನ. ವಂತಿಗೆ ಕಟ್ಟಿದ ದಿನಗಳ ಲೆಕ್ಕವನ್ನೂ ನೋಡ್ತಾರೆ. ಆಕೆಗೆ ಇಎಸ್‌ಐ ಇದ್ದರೆ ಗಂಡನಿಗೂ ಅದೇ ಕಾರ್ಡಿನಲ್ಲಿ ಚಿಕಿತ್ಸೆ ಸಿಗುತ್ತೆ, ಅವನು ಹೋಗಬೇಕಲ್ಲ!

ಖಾಸಗಿ ಕಚೇರಿ ಗುಮಾಸ್ತ, ಚಿತ್ರದುರ್ಗ: ನಾನು ಸಾಲದ ವಿಷಯ ಬಾಸ್‌ಗೆ ಹೇಳಿದ್ದೆ, ಮಾರನೇ ದಿನ ಇಡೀ ಆಫೀಸಿಗೆ ಗೊತ್ತಿತ್ತು. ಹಾಗಾಗದ ಹಾಗೆ ರಜಾ ಅರ್ಜಿ ಬರೆಯೋದು ಹೇಗೆ ಅಂತ ಹೇಳಿಕೊಡಿ.

ಎಚ್‌ಆರ್: ನಿಮ್ಮದು ಬೇರೆ ಪ್ರಶ್ನೆ, ಆದರೂ ಹೇಳ್ತೀನಿ. ಕಾರಣದ ಜಾಗದಲ್ಲಿ "ಮನೆಯ ತುರ್ತು ಕೆಲಸ", ಎಷ್ಟನೇ ತಾರೀಕಿಂದ ಎಷ್ಟನೇ ತಾರೀಕಿನವರೆಗೆ, ಅಷ್ಟೇ. ಸಾಲದ ಲೆಕ್ಕ ಬಾಸ್‌ಗೆ ಬೇಕಾಗಿಲ್ಲ.

ಪ್ರಶ್ನೆ ಕೇಳಿದವರು: ಮಾಲೀಕರು "ಏನಂತೆ ಅವಳ ಕಥೆ?" ಅಂತ ಕೇಳೇ ಕೇಳ್ತಾರೆ. ಆಗ?

ಎಚ್‌ಆರ್: "ಮನೆಯಲ್ಲಿ ತೊಂದರೆ ಇದೆ, ಇವತ್ತು ಕೌಂಟರಿಗೆ ಇಂಥವರನ್ನು ಹಾಕಿದ್ದೇನೆ" ಅಂತ ಮಾತನ್ನು ಕೆಲಸದ ಕಡೆ ತಿರುಗಿಸಿ. ಸಣ್ಣ ಅಂಗಡಿಯಲ್ಲಿ ಮಾಲೀಕರು ಪಟ್ಟು ಹಿಡಿದರೆ ಕಷ್ಟವೇ. ನಮ್ಮಲ್ಲಿ ಎಚ್‌ಆರ್ ಅಂತ ಬೇರೆ ಇರೋದರಿಂದ ನಾನು ಇಲ್ಲ ಅನ್ನಬಹುದು. ನಿಮಗೆ ಅದು ಎಷ್ಟರ ಮಟ್ಟಿಗೆ ಆಗುತ್ತೋ ನೀವೇ ನೋಡಬೇಕು.

ಸೇಲ್ಸ್ ಗರ್ಲ್, ದಾವಣಗೆರೆ: ಒಂದು ಮಾತು ಸರ್. "ನಮಸ್ಕಾರ, ರಜೆ ಹಾಕಿದ್ದೇನೆ" ಅಂತ ಬಂದರೆ ನನಗಂತೂ ಕೆಲಸ ಹೋಯ್ತು ಅಂತ ಭಯ ಆಗುತ್ತೆ. ದಿನಾ ತಂಗಿ ಅನ್ನೋರು ಇವತ್ತು ಹೀಗ್ಯಾಕೆ ಅಂತ. "ಕೆಲಸದ ಬಗ್ಗೆ ಚಿಂತೆ ಬೇಡ" ಅಂತ ಒಂದು ಸಾಲು ಸೇರಿಸಿ.

ಎಚ್‌ಆರ್: ಸೇರಿಸಿ, ಆದರೆ ಮಾಲೀಕರನ್ನು ಕೇಳಿದ ಮೇಲೆ. ತಂಗಿ ಅನ್ನೋದು ಬೇಡ ಅಂತಲೇ ನನ್ನ ಅಭಿಪ್ರಾಯ.

ಸೇಲ್ಸ್ ಗರ್ಲ್, ದಾವಣಗೆರೆ: ನಾನು ಒಪ್ಪಲ್ಲ ಮೇಡಂ.